ಅಮ್ಮನ ಜೊತೆ ಜೈಲಿನಲ್ಲಿರುವ ಮಗು: ಹಾಸನದಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನದ ಕೋರ್ಟ್ ಆವರಣದಲ್ಲಿ ಕಾನೂನು ನೆರವಿನ ಸ್ವಯಂಸೇವಕಿಯಾಗಿ ಕೆಲಸ ಮಾಡುವಾಗ ಅಜ್ಜಿಯರು, ಅತ್ತೆಯರು, ಕೆಲವೊಮ್ಮೆ ಗಂಡಂದಿರು ಬಂದು ಕೇಳುವ ಪ್ರಶ್ನೆಗಳು ಇವು. ಹೆಂಗಸೊಬ್ಬಳು ಜೈಲಿಗೆ ಹೋದಾಗ ಕೇಸಿನ ಬಗ್ಗೆ ಮಾತಾಡುವವರು ಬೇಕಾದಷ್ಟು ಜನ ಇರುತ್ತಾರೆ. ಅವಳ ಸೊಂಟದ ಮೇಲಿನ ಮಗುವಿನ ಬಗ್ಗೆ ಕೇಳುವವರು ಕಡಿಮೆ. ಹಾಗಾಗಿ ಇಲ್ಲಿ ಮಗುವನ್ನೇ ಮುಂದಿಟ್ಟು ಬರೆದಿದ್ದೇನೆ.

ಅರ್ಥವಾಗಲಿ ಎಂದು ಒಂದು ಉದಾಹರಣೆಯನ್ನು ಜೊತೆಗೇ ಇಟ್ಟುಕೊಳ್ಳೋಣ. ಸಕಲೇಶಪುರದ ಕಡೆ ಕಾಫಿ ತೋಟದ ಲೈನ್ ಮನೆಯಲ್ಲಿದ್ದ ಒಬ್ಬ ತಾಯಿ, ಅವಳ ಹೆಸರು ಸುಜಾತ ಅಂದುಕೊಳ್ಳಿ. ಕೆಲಸಕ್ಕಿದ್ದ ಮನೆಯಲ್ಲಿ ಒಡವೆ ಕದ್ದಳು ಎಂಬ ಆರೋಪ. ಅವಳಿಗೆ 14 ತಿಂಗಳ ಗಂಡು ಮಗು, ಮತ್ತೆ 5 ವರ್ಷ 8 ತಿಂಗಳ ಹುಡುಗಿ. ಗಂಡ ಬಿಟ್ಟು ಹೋಗಿದ್ದಾನೆ. ಊರಲ್ಲಿರುವುದು ವಯಸ್ಸಾದ ತಾಯಿ ಒಬ್ಬರೇ.

ಮಗುವನ್ನು ಜೈಲಿಗೆ ಕರೆದುಕೊಂಡು ಹೋಗಬಹುದಾ? ಎಷ್ಟು ವಯಸ್ಸಿನವರೆಗೆ?

6 ವರ್ಷ ತುಂಬುವವರೆಗೆ. ಹುಡುಗನಾದರೂ ಹುಡುಗಿಯಾದರೂ ಒಂದೇ ನಿಯಮ. ಇದನ್ನು ಸುಪ್ರೀಂ ಕೋರ್ಟ್ 2006ರ ಏಪ್ರಿಲ್‌ನಲ್ಲಿ, ಆರ್.ಡಿ. ಉಪಾಧ್ಯಾಯ ಪ್ರಕರಣದಲ್ಲಿ ಇಡೀ ದೇಶಕ್ಕೆ ಅನ್ವಯವಾಗುವಂತೆ ಹೇಳಿತು. ಈ ಪುಟದಲ್ಲಿ ಬರುವ ಬಹಳಷ್ಟು ಹಕ್ಕುಗಳು ಆ ತೀರ್ಪಿನಿಂದಲೇ ಬಂದವು. ಆ ಹೆಸರನ್ನು ನೆನಪಿಟ್ಟುಕೊಳ್ಳಿ, ಅರ್ಜಿಯಲ್ಲಿ ಬರೆಯಲು ಬೇಕಾಗುತ್ತದೆ.

ಹೊರಗೆ ನೋಡಿಕೊಳ್ಳುವ ನೆಂಟರು ಇದ್ದರೆ ಮಗು ಹೊರಗೇ ಇರಲಿ, ಬೇರೆ ದಾರಿ ಇಲ್ಲದಿದ್ದಾಗ ಮಾತ್ರ ಒಳಗೆ ಬರಲಿ ಎನ್ನುವುದು ಜೈಲು ನಿಯಮಗಳ ಆಶಯ. ಆದರೆ ಹಾಲು ಕುಡಿಯುವ ಕೂಸನ್ನು ಇದೇ ಮಾತು ಹೇಳಿ ಅಮ್ಮನಿಂದ ಬೇರೆ ಮಾಡುವುದು ಸರಿಯಲ್ಲ. ಸುಜಾತಳ 14 ತಿಂಗಳ ಮಗು ಅವಳ ಜೊತೆ ಹೋಗುವುದೇ ಸರಿ. ದೊಡ್ಡವಳ ವಿಷಯ ಬೇರೆ, ಅದಕ್ಕೆ ಮುಂದೆ ಬರುತ್ತೇನೆ.

ಒಳಗೆ ಹೋಗುವಾಗ ವಯಸ್ಸಿನ ದಾಖಲೆ ಕೇಳುತ್ತಾರೆ. ಜನನ ಪ್ರಮಾಣಪತ್ರ ಮನೆಯಲ್ಲೇ ಉಳಿದಿದ್ದರೆ ಆಸ್ಪತ್ರೆಯವರು ಕೊಟ್ಟ ತಾಯಿ ಕಾರ್ಡ್ ತುಂಬಾ ಉಪಯೋಗಕ್ಕೆ ಬರುತ್ತದೆ. ಹುಟ್ಟಿದ ದಿನ, ತೂಕ, ಹಾಕಿಸಿದ ಚುಚ್ಚುಮದ್ದು ಎಲ್ಲವೂ ಅದರಲ್ಲೇ ಇರುತ್ತದೆ. ಬಂಧನದ ಗಡಿಬಿಡಿಯಲ್ಲಿ ಅದು ಲೈನ್ ಮನೆಯ ಟ್ರಂಕಿನಲ್ಲೇ ಉಳಿದುಬಿಡುತ್ತದೆ. ಅಜ್ಜಿ ಮೊದಲ ಭೇಟಿಗೆ ಹೋಗುವಾಗ ಸಿಹಿ ತಿಂಡಿಗಿಂತ ಮೊದಲು ಆ ಕಾರ್ಡ್ ತೆಗೆದುಕೊಂಡು ಹೋಗಲಿ.

ಹಾಗಾದರೆ ಮಗುವೂ ಕೈದಿಯಾ?

ಅಲ್ಲ, ಖಂಡಿತ ಅಲ್ಲ. ಮಗುವನ್ನು ವಿಚಾರಣಾಧೀನ ಕೈದಿಯಂತಾಗಲಿ ಶಿಕ್ಷೆಯಾದವರಂತಾಗಲಿ ನೋಡಬಾರದು ಎಂದು ತೀರ್ಪು ನೇರವಾಗಿ ಹೇಳಿದೆ. ಊಟ, ಇರಲು ಜಾಗ, ಬಟ್ಟೆ, ಔಷಧಿ, ಪಾಠ, ಆಟ ಇವೆಲ್ಲ ಮಗುವಿನ ಹಕ್ಕು. ಯಾರೋ ಒಳ್ಳೆಯ ಅಧಿಕಾರಿ ದಯೆಯಿಂದ ಕೊಡುವುದಲ್ಲ.

ಹಾಗಿದ್ದರೂ ಜೈಲಿನ ದಿನಚರಿ ಮಗುವಿಗೂ ಅಂಟುತ್ತದೆ. ನಾನು ಕಂಡ ಒಂದು ಜೈಲಿನಲ್ಲಿ ನಾಲ್ಕು ವರ್ಷದ ಹುಡುಗಿ ಪ್ಲಾಸ್ಟಿಕ್ ಬಾಟಲಿಯ ಮುಚ್ಚಳಗಳನ್ನು ಗೋಡೆಯ ಪಕ್ಕ ಸಾಲಾಗಿ ಇಡುತ್ತಿದ್ದಳು. ಬೆರಳು ತೋರಿಸಿ ಒಂದೊಂದನ್ನೇ ಎಣಿಸುತ್ತಿದ್ದಳು. ಒಂದು ಮುಚ್ಚಳ ಉರುಳಿ ಹೋಯಿತು. ಅವಳು ಗಾಬರಿಯಾಗಿ "ಒಂದು ಕಮ್ಮಿ, ಒಂದು ಕಮ್ಮಿ" ಎಂದು ಮತ್ತೆ ಮೊದಲಿನಿಂದ ಎಣಿಸಿದಳು. ಸಂಜೆ ಬೀಗ ಹಾಕುವ ಮುಂಚೆ ನಡೆಯುವ ಎಣಿಕೆಯನ್ನು ಅವಳು ಆಟ ಮಾಡಿಕೊಂಡಿದ್ದಳು. ಅವಳು ಕಂಡ ಲೋಕದಲ್ಲಿ ದೊಡ್ಡವರು ಮಾಡುವ ಮುಖ್ಯ ಕೆಲಸ ಅದೇ ಆಗಿತ್ತು.

ಒಳಗೆ ಮಗುವಿಗೆ ಊಟ ಏನು ಕೊಡಬೇಕು? ಅಮ್ಮನ ಊಟದಲ್ಲೇ ಹಂಚಿಕೊಳ್ಳಬೇಕಾ?

ಹಂಚಿಕೊಳ್ಳಬೇಕಾಗಿಲ್ಲ. ಮಗುವಿನ ಪಾಲು ಬೇರೆಯೇ ಬರಬೇಕು. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯ ಲೆಕ್ಕವನ್ನು ಆಧಾರವಾಗಿ ಇಟ್ಟುಕೊಂಡು ವಯಸ್ಸಿಗೆ ತಕ್ಕ ಅಳತೆಯನ್ನು ತೀರ್ಪಿನಲ್ಲೇ ಕೊಟ್ಟಿದ್ದಾರೆ. 1ರಿಂದ 3 ವರ್ಷದ ಮಗುವಿಗೆ ದಿನಕ್ಕೆ ಅರ್ಧ ಲೀಟರ್ ಹಾಲು, 60ರಿಂದ 120 ಗ್ರಾಂ ಧಾನ್ಯ, 30 ಗ್ರಾಂ ಬೇಳೆ, ಜೊತೆಗೆ ಸೊಪ್ಪು, ತರಕಾರಿ, 100 ಗ್ರಾಂ ಹಣ್ಣು. ಬೇಳೆಯ ಒಂದು ಪಾಲಿನ ಬದಲು ಮೊಟ್ಟೆ ಕೊಡಬಹುದು. ಹಾಲುಣಿಸುವ ತಾಯಿಗೂ ಜಾಸ್ತಿ ಆಹಾರ ಸಿಗಬೇಕು. ಮಗುವಿಗೆ ಬೇರೆ ತಟ್ಟೆ ಲೋಟ, ಕುಡಿಯಲು ಶುದ್ಧ ನೀರು ಇರಬೇಕು.

ಎಲ್ಲಿ ಎಡವಟ್ಟಾಗುತ್ತದೆ ಗೊತ್ತಾ? ಮಗುವಿನ ಹೆಸರು ಪಡಿತರ ಲೆಕ್ಕಕ್ಕೆ ಸೇರುವುದು ತಡವಾಗುತ್ತದೆ. ತಾಯಿ ಒಳಗೆ ಬಂದ ದಿನವೇ ಮಗುವಿನ ಹೆಸರೂ ವಯಸ್ಸೂ ಬರೆದುಕೊಂಡಿದ್ದರೂ, ಅಡುಗೆ ಮನೆಯ ಲೆಕ್ಕಕ್ಕೆ ಅದು ಹೋಗಿರುವುದಿಲ್ಲ. ತಾಯಿ ಹೊಸಬಳು, ಹೆದರಿರುತ್ತಾಳೆ, ಕೇಳುವುದಿಲ್ಲ. ತನ್ನ ತಟ್ಟೆಯ ಅನ್ನವನ್ನೇ ಕಲಸಿ ತಿನ್ನಿಸುತ್ತಾಳೆ.

ಭೇಟಿಗೆ ಹೋದಾಗ "ಊಟ ಚೆನ್ನಾಗಿದೆಯಾ?" ಎಂದು ಕೇಳಬೇಡಿ. ಯಾರಾದರೂ ಹೂಂ ಅಂತಲೇ ಹೇಳುತ್ತಾರೆ. "ಇವತ್ತು ಬೆಳಿಗ್ಗೆ ಮಗುವಿಗೆ ಹಾಲು ಯಾವ ಲೋಟದಲ್ಲಿ ಬಂತು? ಎಷ್ಟು ಬಂತು? ಸಂಜೆ ಬಂತಾ?" ಎಂದು ಕೇಳಿ. ಉತ್ತರದಲ್ಲೇ ಎಲ್ಲ ಗೊತ್ತಾಗುತ್ತದೆ. ಇನ್ನೊಂದು ಗುರುತು ತೂಕ. ತಾಯಿ ಕಾರ್ಡಿನಲ್ಲಿ ಹಿಂದೆ ಬರೆದ ತೂಕಕ್ಕೂ ಈಗಿನ ತೂಕಕ್ಕೂ ಹೋಲಿಸಿ. ಎರಡು ಮೂರು ತಿಂಗಳು ತೂಕ ಏರದೆ ನಿಂತಿದ್ದರೆ ಅಧೀಕ್ಷಕರಿಗೆ ಬರವಣಿಗೆಯಲ್ಲಿ ಕೊಡಿ, ಒಂದು ಪ್ರತಿಗೆ ಸಹಿ ಹಾಕಿಸಿ ಇಟ್ಟುಕೊಳ್ಳಿ. ಬಾಯಿ ಮಾತಿನ ದೂರು ಗೇಟು ದಾಟುವುದರೊಳಗೆ ಮರೆತುಹೋಗುತ್ತದೆ.

ಮಗುವಿಗೆ ಹುಷಾರಿಲ್ಲದಿದ್ದರೆ? ಚುಚ್ಚುಮದ್ದು ತಪ್ಪಿದರೆ?

ಮಗುವನ್ನು ನಿಯಮಿತವಾಗಿ ವೈದ್ಯೆಯಿಂದ ಪರೀಕ್ಷೆ ಮಾಡಿಸಬೇಕು, ಬೆಳವಣಿಗೆ ಬರೆದಿಡಬೇಕು, ಚುಚ್ಚುಮದ್ದು ಹಾಕಿಸಬೇಕು. ಸುಜಾತಳ ಮಗುವಿಗೆ 14 ತಿಂಗಳು. 16ರಿಂದ 24 ತಿಂಗಳ ನಡುವೆ ದಡಾರ ರುಬೆಲ್ಲಾದ ಎರಡನೇ ಡೋಸ್ ಮತ್ತು ಡಿಪಿಟಿ ಬೂಸ್ಟರ್ ಇದೆ. ಹೊರಗಿದ್ದರೆ ಆಶಾ ಕಾರ್ಯಕರ್ತೆ ಮನೆ ಬಾಗಿಲಿಗೆ ಬಂದು ನೆನಪಿಸುತ್ತಿದ್ದರು. ಒಳಗೆ ಆ ಕೆಲಸ ಕಾರ್ಡ್ ಮಾಡಬೇಕು. ಕಾರ್ಡ್ ಮುಖ್ಯ ಎಂದು ಮತ್ತೆ ಮತ್ತೆ ಹೇಳುವುದು ಅದಕ್ಕೇ.

ಜೋರು ಜ್ವರ, ಉಸಿರಾಟದ ತೊಂದರೆ ಇದ್ದರೆ ಹೊರಗಿನ ಸರ್ಕಾರಿ ಆಸ್ಪತ್ರೆಗೆ ಕಳಿಸಬೇಕು. ಹಾಸನದಲ್ಲಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಊರೊಳಗೇ ಇದೆ, ದೂರದ ನೆಪ ಇಲ್ಲ. ಅಮ್ಮನಿಗೇ ಹುಷಾರು ತಪ್ಪಿದರೆ ಮಗುವನ್ನು ನೋಡಿಕೊಳ್ಳುವ ಏರ್ಪಾಡು ಜೈಲಿನವರದ್ದು.

ಬಟ್ಟೆಯ ಬಗ್ಗೆಯೂ ಒಂದು ಮಾತು. ಆಯಾ ಊರಿನ ಹವೆಗೆ ತಕ್ಕ ಬಟ್ಟೆ ಕೊಡಬೇಕು ಎಂದಿದೆ. ನಮ್ಮ ಕಡೆ ಜುಲೈ, ಆಗಸ್ಟ್‌ನಲ್ಲಿ ಒಗೆದ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ. ಚಿಕ್ಕಮಗಳೂರು, ಸಕಲೇಶಪುರದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎರಡು ಜೊತೆ ಬಟ್ಟೆ ಇರುವ ಮಗು ಒದ್ದೆ ಚಡ್ಡಿಯಲ್ಲೇ ಇರುತ್ತದೆ. ಸ್ವೆಟರ್, ಕುಲಾವಿ, ನಾಲ್ಕೈದು ಹಳೆಯ ಕಾಟನ್ ಬಟ್ಟೆ ಅಧೀಕ್ಷಕರ ಒಪ್ಪಿಗೆ ಪಡೆದು ಒಳಗೆ ಕೊಡಬಹುದು. ಗೇಟಿನಲ್ಲಿ ಎಲ್ಲವನ್ನೂ ಬಿಚ್ಚಿ ತಪಾಸಣೆ ಮಾಡುತ್ತಾರೆ, ಬೇಜಾರು ಮಾಡಿಕೊಳ್ಳಬೇಡಿ.

ಆಟ, ಪಾಠ? ಜಿಲ್ಲಾ ಜೈಲಿನಲ್ಲಿ ಮಕ್ಕಳೇ ಒಬ್ಬಿಬ್ಬರು ಅಲ್ವಾ?

ನಿಜ. ದೊಡ್ಡ ಸೆಂಟ್ರಲ್ ಜೈಲುಗಳಲ್ಲಿ ಮಕ್ಕಳ ಗುಂಪೇ ಇರಬಹುದು. ಜಿಲ್ಲಾ ಕಾರಾಗೃಹದಲ್ಲಿ ಹೆಂಗಸರ ಬ್ಯಾರಕ್ಕೇ ಚಿಕ್ಕದು, ಒಂದೇ ಮಗು ಇರುವ ತಿಂಗಳೂ ಇರುತ್ತದೆ. ತೀರ್ಪಿನ ಪ್ರಕಾರ 3 ವರ್ಷದ ಒಳಗಿನವರಿಗೆ ಶಿಶುವಿಹಾರ, 3ರಿಂದ 6 ವರ್ಷದವರಿಗೆ ನರ್ಸರಿ ಇರಬೇಕು. ಒಂದು ಮಗುವಿಗಾಗಿ ಇದನ್ನೆಲ್ಲ ಮಾಡುವುದು ಹೇಗೆ ಎಂಬ ಉತ್ತರ ಸಿಗುತ್ತದೆ. ಆದರೆ ಅದೇ ತೀರ್ಪಿನಲ್ಲಿ ಇನ್ನೊಂದು ಮಾತಿದೆ: ಇವು ಸಾಧ್ಯವಾದಷ್ಟೂ ಜೈಲಿನ ಆವರಣದ ಹೊರಗೆ ನಡೆಯಲಿ. ಹಾಗಾಗಿ ಹತ್ತಿರದ ಅಂಗನವಾಡಿಗೆ ಹಗಲು ಹೊತ್ತು ಕಳಿಸಿ ಎಂದು ಕೇಳುವುದು ದೊಡ್ಡ ಬೇಡಿಕೆಯಲ್ಲ. ತಾಯಿ ಬರೆದುಕೊಟ್ಟು ಒಪ್ಪಬೇಕು, ಕರೆದುಕೊಂಡು ಹೋಗಿ ಬರುವವರು ಯಾರು ಎಂದು ತೀರ್ಮಾನ ಆಗಬೇಕು, ಅಷ್ಟೆ. ನನ್ನನ್ನು ಕೇಳಿದರೆ ಒಂಟಿ ಮಗುವಿಗೆ ಜೈಲೊಳಗಿನ ಬಣ್ಣ ಬಳಿದ ಕೋಣೆಗಿಂತ ಅಂಗನವಾಡಿಯ ಹತ್ತು ಮಕ್ಕಳ ಗಲಾಟೆಯೇ ಒಳ್ಳೆಯದು.

ಬಸುರಿ ಹೆಂಗಸನ್ನು ಜೈಲಿಗೆ ಹಾಕಿದರೆ ಹೆರಿಗೆ ಎಲ್ಲಿ?

ಆಸ್ಪತ್ರೆಯಲ್ಲಿ. ಆ ಜೈಲಿನಲ್ಲಿ ಬಸುರಿಗೆ ಬೇಕಾದ ಕನಿಷ್ಠ ಸೌಲಭ್ಯ ಇದೆಯಾ ಎಂದು ಮೊದಲೇ ನೋಡಬೇಕು. ಜಿಲ್ಲಾ ಸರ್ಕಾರಿ ಆಸ್ಪತ್ರೆಯಲ್ಲಿ ಸ್ತ್ರೀರೋಗ ತಜ್ಞರ ತಪಾಸಣೆ ಆಗಬೇಕು. ಹೆರಿಗೆಯ ಹೊತ್ತಿಗೆ ತಾತ್ಕಾಲಿಕ ಬಿಡುಗಡೆಯನ್ನೂ ಕೇಳಬಹುದು.

ಹುಟ್ಟಿದ ಮಗುವಿನ ನೋಂದಣಿಯಲ್ಲಿ ಹುಟ್ಟಿದ ಸ್ಥಳ ಜೈಲು ಎಂದು ಬರೆಯಬಾರದು, ಆ ಊರು ಬಡಾವಣೆಯ ವಿಳಾಸ ಮಾತ್ರ ಇರಬೇಕು. ಹೆರಿಗೆ ಆಸ್ಪತ್ರೆಯಲ್ಲೇ ಆದರೆ ಈ ತೊಂದರೆ ಬರುವುದಿಲ್ಲ. ಆದರೆ ತಾಯಿಯ ವಿಳಾಸದ ಕಾಲಂನಲ್ಲಿ ಕಾರಾಗೃಹ ಎಂದು ಬಂದುಬಿಡಬಹುದು, ಯಾಕಂದರೆ ಆಸ್ಪತ್ರೆಯ ಚೀಟಿಯಲ್ಲಿ ಹಾಗೇ ಇರುತ್ತದೆ. ಫಾರಂ ತುಂಬುವಾಗಲೇ ಮನೆಯ ವಿಳಾಸ ಬರೆಸಿ. ನೋಂದಣಿಗೆ 21 ದಿನದ ಅವಧಿ ಇದೆ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಶಾಲೆಗೆ ಸೇರುವಾಗಿನಿಂದ ಹಿಡಿದು ಎಲ್ಲದಕ್ಕೂ ಜನನ ಪ್ರಮಾಣಪತ್ರವೇ ಆಧಾರ. ಆ ಕಾಗದ ಮಗುವಿನ ಜೊತೆ ಜೀವನಪೂರ್ತಿ ಓಡಾಡುತ್ತದೆ.

ಒಳಗೆ ನಾಮಕರಣ ಮಾಡಲೂ ಅವಕಾಶ ಕೊಡಬೇಕು. ಅಜ್ಜಿಯಂದಿರು ಇದನ್ನು ಸಂಕೋಚದಿಂದ ಕೇಳುತ್ತಾರೆ. ಸಂಕೋಚ ಬೇಡ.

ದೊಡ್ಡ ಮಗುವಿಗೆ ಇನ್ನೇನು ಆರು ವರ್ಷ ಆಗುತ್ತದೆ. ಆಮೇಲೆ?

ಹೆಚ್ಚು ಕಣ್ಣೀರು ಹಾಕಿಸುವ ಪ್ರಶ್ನೆ ಇದೇ. 6 ತುಂಬಿದ ಮೇಲೆ ಮಗು ಒಳಗಿರುವಂತಿಲ್ಲ. ತಾಯಿ ಯಾರ ಹೆಸರು ಹೇಳುತ್ತಾಳೋ ಅವರಿಗೆ ಒಪ್ಪಿಸಬೇಕು. ಅಂಥವರು ಇಲ್ಲದಿದ್ದರೆ ಮಕ್ಕಳ ಕಲ್ಯಾಣ ಸಮಿತಿಯ ಮೂಲಕ ಬಾಲಮಂದಿರದಂಥ ಕಡೆ ಇಡುತ್ತಾರೆ. ಸಾಧ್ಯವಾದಷ್ಟೂ ಜೈಲು ಇರುವ ಊರಿನಲ್ಲೇ ಇಡಬೇಕು, ಮತ್ತು ವಾರಕ್ಕೆ ಒಂದು ಸಲವಾದರೂ ತಾಯಿಯನ್ನು ಭೇಟಿ ಮಾಡಿಸಬೇಕು.

ಸುಜಾತಳ ಮಗಳಿಗೆ 5 ವರ್ಷ 8 ತಿಂಗಳು. ಕಾನೂನಿನಲ್ಲಿ ಇನ್ನೂ ನಾಲ್ಕು ತಿಂಗಳು ಅಮ್ಮನ ಜೊತೆ ಇರಬಹುದು. ಇರಬೇಕಾ? ಅಜ್ಜಿಗೆ ನೋಡಿಕೊಳ್ಳುವ ಶಕ್ತಿ ಇದ್ದರೆ ಬೇಡ ಎನ್ನುತ್ತೇನೆ. ನಾಲ್ಕು ತಿಂಗಳು ಜೈಲಿಗೆ ಹೊಂದಿಕೊಂಡು, ಮತ್ತೆ ಅಲ್ಲಿಂದ ಕಿತ್ತು ಬೇರೆ ಕಡೆ ಇಟ್ಟರೆ ಆ ಹುಡುಗಿ ಎರಡು ಸಲ ಮನೆ ಕಳೆದುಕೊಂಡಂತೆ. ಅಜ್ಜಿಯ ಊರಿನ ಶಾಲೆಗೋ ಅಂಗನವಾಡಿಗೋ ಸೇರಿಸಿ, ವಾರ ವಾರ ಭೇಟಿ ಮಾಡಿಸುವುದು ಮೇಲು.

ಈಗಾಗಲೇ ಒಳಗೇ ಬೆಳೆದ ಮಗುವಾದರೆ ಹುಟ್ಟುಹಬ್ಬದ ದಿನದವರೆಗೆ ಕಾಯಬೇಡಿ. ನವೆಂಬರ್‌ನಲ್ಲಿ 6 ತುಂಬುವ ಮಗುವನ್ನು ನವೆಂಬರ್‌ನಲ್ಲಿ ಹೊರಗೆ ಕಳಿಸಿದರೆ ಶಾಲೆ ಅರ್ಧ ಮುಗಿದಿರುತ್ತದೆ. ಮೇ ತಿಂಗಳಲ್ಲೇ ಏರ್ಪಾಡು ಮಾಡಿದರೆ ಬೇರೆ ಮಕ್ಕಳ ಜೊತೆಯೇ ಶಾಲೆ ಶುರುವಾಗುತ್ತದೆ. ಅದಕ್ಕೂ ಮುಂಚೆ ಮಗು ಯಾರ ಮನೆಗೆ ಹೋಗುತ್ತದೋ ಅವರು ನಾಲ್ಕಾರು ಸಲ ಭೇಟಿಗೆ ಬಂದು ಮುಖ ಪರಿಚಯ ಮಾಡಿಕೊಳ್ಳಲಿ. ಖರ್ಚಿಗೆ ಕಷ್ಟವಾದರೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಪ್ರಾಯೋಜಕತ್ವದ ಅರ್ಜಿ ಹಾಕಿ. ಮಿಷನ್ ವಾತ್ಸಲ್ಯದಡಿ ಮಂಜೂರಾದರೆ ತಿಂಗಳಿಗೆ 4,000 ರೂಪಾಯಿ ಬರುತ್ತದೆ. ತುರ್ತಿಗೆ 1098ಕ್ಕೆ ಫೋನ್ ಮಾಡಿ.

ಭೇಟಿಗೆ ಹೇಗೆ ಹೋಗಬೇಕು?

eprisons.nic.in ನಲ್ಲಿ eMulakat ಎಂಬ ಕಡೆ ಮೊದಲೇ ಕೋರಿಕೆ ಹಾಕಬಹುದು. ಗೇಟಿಗೆ ಗುರುತಿನ ಚೀಟಿ ಬೇಕು. ಯಾವ ದಿನ, ಎಷ್ಟು ಹೊತ್ತು ಎಂದು ಆ ಜೈಲಿನಲ್ಲೇ ಕೇಳಿಕೊಂಡು ಹೊರಡಿ. ಅರಸೀಕೆರೆ, ಬೇಲೂರು ಕಡೆಯಿಂದ ಬಸ್ಸಿಗೆ ದುಡ್ಡು ಹಾಕಿ ಬಂದು ಸುಮ್ನೆ ವಾಪಸ್ ಹೋಗುವವರನ್ನು ನೋಡಿದ್ದೇನೆ.

ಜಾಮೀನು ಬೇಗ ಸಿಗಲು ಮಗುವಿನ ವಿಷಯ ಸಹಾಯ ಮಾಡುತ್ತದಾ?

ಮಾಡುತ್ತದೆ, ಆದರೆ ಅರ್ಜಿಯಲ್ಲಿ ಬರೆದರೆ ಮಾತ್ರ. ಮಗು ತಾಯಿಯ ಜೊತೆ ಜೈಲಿನಲ್ಲಿದ್ದರೆ ಅಂಥ ಕೇಸುಗಳನ್ನು ಕೋರ್ಟ್‌ಗಳು ಆದ್ಯತೆಯಿಂದ ಬೇಗ ಮುಗಿಸಬೇಕು ಎಂದು 2006ರ ತೀರ್ಪೇ ಹೇಳಿದೆ. ಗಂಭೀರ ಆರೋಪ ಇದ್ದರೂ ಮಹಿಳೆ ಎಂಬ ಕಾರಣಕ್ಕೆ ಜಾಮೀನು ಕೊಡುವ ಅವಕಾಶ ನ್ಯಾಯಾಧೀಶರಿಗೆ ಇದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 480ನೇ ಕಲಂ ನೋಡಿ.

ನಾನು ಓದಿದ ಎಷ್ಟೋ ಅರ್ಜಿಗಳಲ್ಲಿ "ಅರ್ಜಿದಾರಳಿಗೆ ಚಿಕ್ಕ ಮಕ್ಕಳಿವೆ" ಎಂಬ ಒಂದೇ ಸಾಲು ಇರುತ್ತದೆ. ಮಕ್ಕಳು ಮನೆಯಲ್ಲಿವೆಯೋ ಜೈಲಿನಲ್ಲಿವೆಯೋ ಅದರಿಂದ ಗೊತ್ತಾಗುವುದಿಲ್ಲ. ಮಗುವಿನ ವಯಸ್ಸು, ಯಾವ ದಿನದಿಂದ ಒಳಗಿದೆ, ಹಾಲು ಕುಡಿಯುತ್ತಿದೆಯಾ, ಹೊರಗೆ ನೋಡುವವರು ಯಾಕಿಲ್ಲ ಎಂದು ಬರೆಸಿ. ಮಗು ಇಲ್ಲಿದೆ ಎಂಬ ಒಂದು ಪತ್ರವನ್ನು ಜೈಲಿನಿಂದ ಪಡೆದು ಲಗತ್ತಿಸಿ.

ವಕೀಲರಿಗೆ ಕೊಡಲು ದುಡ್ಡಿಲ್ಲ ಎಂದು ಕೂರಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲಿ ಮಹಿಳೆಯರಿಗೂ ಬಂಧನದಲ್ಲಿ ಇರುವವರಿಗೂ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಕೋರ್ಟ್ ಆವರಣದಲ್ಲೇ ಇರುತ್ತದೆ. ಫೋನ್ 15100.

ಜಾಮೀನು ಸಿಕ್ಕಿದೆ, ಆದರೂ ಬಿಟ್ಟಿಲ್ಲ. ಯಾಕೆ?

ಜಾಮೀನುದಾರರು ಸಿಕ್ಕಿಲ್ಲ, ಅದಕ್ಕೆ. ಸುಜಾತಳಂಥವರು ಸಿಕ್ಕಿಹಾಕಿಕೊಳ್ಳುವುದೇ ಇಲ್ಲಿ. ಕೋರ್ಟ್ 50,000 ರೂಪಾಯಿ ಬಾಂಡ್, ಅಷ್ಟೇ ಮೊತ್ತಕ್ಕೆ ಒಬ್ಬ ಜಾಮೀನುದಾರ ಎಂದು ಆದೇಶ ಮಾಡಿತು ಅಂದುಕೊಳ್ಳಿ. ಜಾಮೀನು ನಿಲ್ಲುವವರು ಪಹಣಿ ತರಬೇಕು. ಲೈನ್ ಮನೆಯಲ್ಲಿ ಇರುವವರಿಗೆ ಪಹಣಿ ಎಲ್ಲಿಂದ ಬರಬೇಕು? ಅಕ್ಕಪಕ್ಕದವರೂ ಕೂಲಿಯವರೇ. ಜಮೀನು ಇರುವವರು ತೋಟದ ಯಜಮಾನರ ಕಡೆಯವರು, ಅವರು ಬರುವುದಿಲ್ಲ. ಜಾಮೀನು ಆದೇಶ ಕೈಯಲ್ಲಿದ್ದರೂ ಮಗು ಒಳಗೇ ಹಲ್ಲು ಬರಿಸಿಕೊಳ್ಳುತ್ತದೆ.

ಇದಕ್ಕೆ ದಾರಿ ಇದೆ. 2023ರ ಜನವರಿ 31ರಂದು ಸುಪ್ರೀಂ ಕೋರ್ಟ್ ಕೊಟ್ಟ ಆದೇಶದ ಪ್ರಕಾರ, ಜಾಮೀನು ಸಿಕ್ಕಿ 7 ದಿನವಾದರೂ ಬಿಡುಗಡೆ ಆಗದಿದ್ದರೆ ಜೈಲಿನ ಅಧೀಕ್ಷಕರು ಕಾನೂನು ಸೇವೆಗಳ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು. ಒಂದು ತಿಂಗಳಾದರೂ ಬಾಂಡ್ ಕೊಡಲು ಆಗದಿದ್ದರೆ ಷರತ್ತು ಸಡಿಲಿಸಬಹುದಾ ಎಂದು ಕೋರ್ಟೇ ನೋಡಬಹುದು. ಒಂದು ತಿಂಗಳು ಕಾಯಲೇಬೇಕು ಎಂದು ಇದರ ಅರ್ಥ ಅಲ್ಲ. ಎಂಟನೇ ದಿನವೇ ಸುಜಾತಳ ವಕೀಲರು ಷರತ್ತು ಬದಲಿಸಿ ಎಂದು ಅರ್ಜಿ ಹಾಕಬಹುದು: ಅವಳಿಗೆ ಜಮೀನಿಲ್ಲ, ಊರಲ್ಲಿ ಇರುವುದು ಮುದುಕಿ ತಾಯಿ, 15 ತಿಂಗಳ ಮಗು ಜೊತೆಗಿದೆ, ಮೊತ್ತ ಇಳಿಸಿ, ಪಹಣಿಯ ಬದಲು ಸಂಬಳದ ಚೀಟಿ ಇರುವ ನೆಂಟರೊಬ್ಬರನ್ನು ಒಪ್ಪಿಕೊಳ್ಳಿ ಅಥವಾ ಸ್ವಂತ ಬಾಂಡ್ ಮೇಲೆ ಬಿಡಿ ಎಂದು. ಬಡ ಕೈದಿಗಳ ಜಾಮೀನು ಹಣಕ್ಕೆ ನೆರವು ಕೊಡುವ ಕೇಂದ್ರದ ಯೋಜನೆಯೂ 2023ರಿಂದ ಇದೆ. ಅದರ ಬಗ್ಗೆ ಪ್ರಾಧಿಕಾರದಲ್ಲೇ ಕೇಳಿ.

ದುಡ್ಡು ಕೊಟ್ಟರೆ ಜಾಮೀನುದಾರರನ್ನು ತರುತ್ತೇವೆ ಎಂದು ಕೋರ್ಟ್ ಗೇಟಿನಲ್ಲಿ ಹೇಳುವವರ ಹಿಂದೆ ಹೋಗಬೇಡಿ. ಪಹಣಿ ನಕಲಿ ಎಂದು ಗೊತ್ತಾದರೆ ಜಾಮೀನೂ ಹೋಗುತ್ತದೆ, ಹೊಸ ಕೇಸೂ ಬೀಳುತ್ತದೆ.

ಇನ್ನೊಂದು ದಿನಾಂಕ ಬರೆದಿಟ್ಟುಕೊಳ್ಳಿ. ಕೆಲಸದಾಳಿನ ಕಳ್ಳತನದ ಆರೋಪಕ್ಕೆ ಗರಿಷ್ಠ ಶಿಕ್ಷೆ 7 ವರ್ಷ. ಇಂಥ ಕೇಸಿನಲ್ಲಿ ಮೊದಲ ರಿಮ್ಯಾಂಡ್‌ನಿಂದ, ಅಂದರೆ ಬಂಧನದಲ್ಲಿಡಲು ಕೋರ್ಟ್ ಮೊದಲ ಸಲ ಆದೇಶ ಮಾಡಿದ ದಿನದಿಂದ, 60 ದಿನದೊಳಗೆ ಪೊಲೀಸರು ಚಾರ್ಜ್‌ಶೀಟ್ ಹಾಕದಿದ್ದರೆ ಜಾಮೀನು ಕೇಳುವುದು ಹಕ್ಕಾಗುತ್ತದೆ. ಆದರೆ ಕೇಳಬೇಕು. ಅರ್ಜಿ ಹಾಕುವ ಮುಂಚೆ ಚಾರ್ಜ್‌ಶೀಟ್ ಬಂದುಬಿಟ್ಟರೆ ಆ ಹಕ್ಕು ಕೈ ತಪ್ಪುತ್ತದೆ.

ಬಿಡುಗಡೆಯ ದಿನ ಏನು ನೋಡಿಕೊಳ್ಳಬೇಕು?

ಬಿಡುಗಡೆಯ ಆದೇಶ ಕೋರ್ಟಿನಿಂದ ಜೈಲಿಗೆ ತಲುಪಿ, ಕಾಗದ ಎಲ್ಲ ತಾಳೆಯಾಗುವ ಹೊತ್ತಿಗೆ ಎಷ್ಟೋ ಸಲ ಸಂಜೆಯಾಗುತ್ತದೆ. ಕತ್ತಲಲ್ಲಿ ಮಗುವನ್ನು ಎತ್ತಿಕೊಂಡು ಒಬ್ಬಳೇ ಗೇಟಿನ ಹೊರಗೆ ನಿಲ್ಲುವ ಹಾಗೆ ಆಗಬಾರದು. ಆ ದಿನ ಮಧ್ಯಾಹ್ನದಿಂದಲೇ ಯಾರಾದರೂ ಹೊರಗೆ ಕಾದಿರಿ. ಸಕಲೇಶಪುರದವರೆಗೆ ಬಸ್ಸು ಸಿಕ್ಕಿದರೂ ಅಲ್ಲಿಂದ ತೋಟಕ್ಕೆ ರಾತ್ರಿ ಗಾಡಿ ಇರುವುದಿಲ್ಲ. ಹಾಸನದಲ್ಲೇ ಒಂದು ರಾತ್ರಿ ಉಳಿಯಲು ಜಾಗ ನೋಡಿಕೊಂಡಿರಿ.

ಹೊರಡುವ ಮುಂಚೆ ತಾಯಿ ಕಾರ್ಡ್ ವಾಪಸ್ ಕೇಳಿ ತೆಗೆದುಕೊಳ್ಳಿ. ಒಳಗೆ ಹಾಕಿಸಿದ ಚುಚ್ಚುಮದ್ದು, ನೋಡಿದ ತೂಕ ಅದರಲ್ಲಿ ಬರೆದಿದೆಯಾ ನೋಡಿ, ಇಲ್ಲದಿದ್ದರೆ ಅಲ್ಲೇ ಬರೆಸಿ. ಮಾರನೇ ವಾರ ಊರಿನ ಆಶಾ ಕಾರ್ಯಕರ್ತೆ ಬಂದು ಕೇಳುವುದು ಅದನ್ನೇ.